ಕೆಂಪು ಗೆರೆ

ಅಕ್ಕಂದಿರೇ, ಒಂದು ಕತೆ ಕೇಳಿ.

ನಾವುಂದದ ಗುಲಾಬಿಯ ಮಗನಿಗೆ ಎರಡು ವರ್ಷ. ಅವನಿಗೆ ನೆಗಡಿ, ಕೆಮ್ಮು, ಜ್ವರ ಬಂತು. ಗುಲಾಬಿ ಔಷಧಿ ಅಂಗಡಿಗೆ ಓಡಿದಳು. ಪಕ್ಕದ ಮನೆಯವರ ಮಾತ್ರೆಯ ಖಾಲಿ ಪಟ್ಟಿ ತೋರಿಸಿದಳು.

"ಅಣ್ಣಾ, ಮಾಣಿಗೆ ಜ್ವರ. ಇದೇ ಮಾತ್ರೆ ಕೊಡಿ."

"ಈ ಕೆಂಪು ಗೆರೆ ಕಾಣಿ ಅಕ್ಕಾ. ಇದು ಆಂಟಿಬಯೋಟಿಕ್. ಡಾಕ್ಟರ ಚೀಟಿ ಇಲ್ಲದೆ ಕೊಡೂಕೆ ಆತಿಲ್ಲ. ನೆಗಡಿಯ ವೈರಸ್ ಇದಕ್ಕೆ ಸಾಯುವುದಿಲ್ಲ. ಬೇಡದಾಗ ತಿಂದರೆ, ಬೇಕಾದಾಗ ಇದು ನಾಟದೆ ಹೋಗಬಹುದು. ಬೇಜಾರು ಮಾಡಬೇಡಿ, ಮಗುವನ್ನು ಈಗಲೇ ಆಸ್ಪತ್ರೆಗೆ ತೋರಿಸಿ."

ಡಾಕ್ಟರು ಒಂದು ನಿಮಿಷ ಮಗುವಿನ ಉಸಿರು ಎಣಿಸಿದರು. 32 ಇತ್ತು.

"ಈ ಪ್ರಾಯದಲ್ಲಿ 40 ಅಥವಾ ಹೆಚ್ಚಾದರೆ ನ್ಯುಮೋನಿಯಾ ಇರಬಹುದು. ಎದೆಯ ಕೆಳಭಾಗ ಒಳಗೆ ಸೆಳೆದರೆ ತಡ ಮಾಡಬಾರದು. ಇವನಿಗೆ ಬರೀ ನೆಗಡಿ" ಎಂದರು. ತೂಕ ನೋಡಿ ಜ್ವರದ ಔಷಧಿ ಮಾತ್ರ ಕೊಟ್ಟರು.

ಮೂರು ದಿನಕ್ಕೆ ಜ್ವರ ಬಿಟ್ಟಿತು. ಗುಲಾಬಿ ಈಗ ಮಾತ್ರೆ ಪಟ್ಟಿಯಲ್ಲಿ ಮೊದಲು ಕೆಂಪು ಗೆರೆ ಹುಡುಕುತ್ತಾಳೆ.