ಹಳೆಯ ಪತ್ರದಲ್ಲಿ ಶಕವರ್ಷವನ್ನು ಓದುವುದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತಲೆಮಾರುಗಳಿಂದ ತೆಂಗಿನ ತೋಟವನ್ನಿಟ್ಟುಕೊಂಡು ಬಂದ ಮನೆತನದ ಪೆಟ್ಟಿಗೆಯೊಳಗೆ ಒಂದು ಕ್ರಯಪತ್ರವಿದೆಯೆಂದು ಭಾವಿಸೋಣ. ಅದರ ಮೊದಲಲ್ಲಿ, 'ಶಾಲಿವಾಹನ ಶಕ ವರುಷಂಗಳು ೧೭೩೮ ಸಂದು ವರ್ತಮಾನವಾದ ಧಾತು ಸಂವತ್ಸರದ ಮಾಘ ಶುದ್ಧ ೫' ಎಂದು ಬರೆದಿದೆ. ಇದು ಯಾವ ಇಸವಿ?

ಶಕಕ್ಕೆ ೭೮ನ್ನು ಕೂಡಿಸಿರಿ ಎಂಬ ಸೂತ್ರವನ್ನು ನಾವೆಲ್ಲರೂ ಕೇಳಿದ್ದೇವೆ. ಕೂಡಿಸಿದರೆ ೧೮೧೬ ಬರುತ್ತದೆ. ಆದರೆ ಈ ಪತ್ರದ ಮಟ್ಟಿಗೆ ಅದು ತಪ್ಪು. ಚಾಂದ್ರಮಾನದ ವರ್ಷವು ಯುಗಾದಿಗೆ ಹುಟ್ಟುತ್ತದೆ, ಇಂಗ್ಲಿಷ್ ವರ್ಷವು ಜನವರಿಯಲ್ಲಿ. ೧೮೧೬ರ ವಸಂತದಲ್ಲಿ ಮೊದಲಾದ ಧಾತು ಸಂವತ್ಸರವು ಮಾಘಕ್ಕೆ ಬರುವ ವೇಳೆಗೆ ಆಚೆಯ ಇಸವಿಯು ಬದಲಾಗಿಬಿಟ್ಟಿರುತ್ತದೆ. ಆದುದರಿಂದ ನಮ್ಮ ಪತ್ರವು ೧೮೧೭ನೆಯ ಜನವರಿಯದು. ಈಚಿನ ಎರಡು ಮೂರು ಶತಮಾನಗಳ ಕಾಗದಗಳಲ್ಲಿ ಮಾಘ, ಫಾಲ್ಗುಣಗಳಿಗೆ ೭೯ನ್ನೇ ಕೂಡಿಸಬೇಕು. ಮಾರ್ಗಶಿರದ ಕೊನೆಯೂ ಪುಷ್ಯವೂ ಎರಡು ಇಸವಿಗಳ ನಡುವೆ ತೂಗಾಡುವುವು. ಅಲ್ಲಿ ಆ ವರ್ಷದ ಪಂಚಾಂಗವನ್ನು ನೋಡದೆ ಗತಿಯಿಲ್ಲ. ಒಂದು ವರ್ಷವೇನು ಮಹಾ ಎನ್ನಬೇಡಿರಿ. ಇದೇ ತೋಟದ ಒಪ್ಪಂದವು ಹಿಂದಿನ ಕಾರ್ತಿಕದಲ್ಲಿ ಆಗಿದ್ದರೆ, ೧೮೧೬ರ ಜನವರಿಯೆಂದು ಓದಿದವನ ಲೆಕ್ಕದಲ್ಲಿ ಮಾತುಕತೆಗಿಂತ ಮುಂಚೆಯೇ ಕ್ರಯವು ಮುಗಿದುಹೋಗುತ್ತದೆ!

ಅಂಕಿಗಿಂತಲೂ ಸಂವತ್ಸರದ ಹೆಸರನ್ನು ನಾವು ಹೆಚ್ಚಾಗಿ ನಂಬುತ್ತೇವೆ. ಹುಳು ತಿಂದ ಕಾಗದದಲ್ಲಿ ೩ ಎಂಬುದು ೬ರಂತೆ ಕಾಣಬಹುದು; ಧಾತು ಎಂಬುದನ್ನು ಪರಾಭವವೆಂದು ಯಾರೂ ಓದಲಾರರು. ಶಕದ ಸಂಖ್ಯೆಗೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿರಿ. ೧೭೫೦ನ್ನು ಭಾಗಿಸಿದರೆ ೧೦ ಉಳಿಯುತ್ತದೆ. ಪ್ರಭವದಿಂದ ಹತ್ತನೆಯದು ಧಾತುವೇ. ಏನೂ ಉಳಿಯದಿದ್ದರೆ ಅದು ಅರುವತ್ತನೆಯದಾದ ಕ್ಷಯ. ಅಂಕಿಯನ್ನು ೧೭೬೮ ಎಂದು ಓದಿದ್ದರೆ ೪೦ ಉಳಿದು ಪರಾಭವವು ಬರುತ್ತಿತ್ತು, ತಪ್ಪು ಅಲ್ಲೇ ಹೊರಬೀಳುತ್ತಿತ್ತು. ಲೆಕ್ಕವು ಹೆಸರಿಗಿಂತ ಒಂದೇ ಹೆಜ್ಜೆ ಮುಂದೆ ಹೋದರೆ, ಬರೆದವನು ಸಂದ ವರ್ಷವನ್ನು ಬಿಟ್ಟು ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾನೆಂದು ಊಹಿಸಬಹುದು. ಆಗ ಒಂದನ್ನು ಕಳೆಯಬೇಕು. ಆದರೆ ಶಕವೇ ಇಲ್ಲದೆ ಬರಿಯ ಧಾತು ಎಂದಿದ್ದರೆ ೧೭೫೬, ೧೮೧೬, ೧೮೭೬ ಮೂರೂ ಬಂದು ನಿಲ್ಲುವುವು. ಆಗ ಪತ್ರದಲ್ಲಿ ಬರುವ ದೊರೆಯ ಹೆಸರೋ ಅಧಿಕಾರಿಯ ಹೆಸರೋ ಕೈಹಿಡಿಯಬೇಕು.

ಇಸವಿಯಿಂದ ಶಕಕ್ಕೆ ಹಿಂದಿರುಗುವಾಗಲೂ ಇದೇ ತೊಡಕು. ತಿಪಟೂರು ತಾಲ್ಲೂಕಿನ ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳ ಮೂರನೆಯ ನರಸಿಂಹನ ಕಾಲದ್ದು, ೧೨೮೬ರದು ಎನ್ನುತ್ತಾರೆ. ಆ ಇಸವಿಯೊಂದನ್ನೇ ಹಿಡಿದು ಶಕ ೧೨೦೮, ವ್ಯಯ ಸಂವತ್ಸರವೆಂದು ಬರೆದುಬಿಡುವಂತಿಲ್ಲ. ವರ್ಷದ ಆರಂಭದ ತಿಂಗಳುಗಳಾದರೆ ಅದು ೧೨೦೭, ಪಾರ್ಥಿವ. ಮಾಸವನ್ನು ತಿಳಿಯಲು ಶಾಸನವನ್ನೇ ನೋಡಬೇಕು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಅಚ್ಚುಮಾಡಿಸಿದ್ದಾರೆ.