ನೆಲ ಮುಟ್ಟದ ರೆಸಿಸ್ಟರ್



ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದು ಕಿಲೋ ಸಕ್ಕರೆ ಇಟ್ಟಾಗ ಒಳಗಿನ ಲೋಡ್ ಸೆಲ್‌ನಿಂದ ಎಷ್ಟು ವಿದ್ಯುತ್ ಸಂಕೇತ ಹೊರಬರುತ್ತದೆ? ಹತ್ತು ಕಿಲೋ ಸಾಮರ್ಥ್ಯದ ಸಾಮಾನ್ಯ ಲೋಡ್ ಸೆಲ್ ಒಂದಕ್ಕೆ 5 ವೋಲ್ಟ್ ಕೊಟ್ಟಿದ್ದೇವೆ ಎಂದುಕೊಳ್ಳೋಣ. ಪೂರ್ತಿ ಹತ್ತು ಕಿಲೋ ಹೇರಿದರೂ ಅದು ಕೊಡುವುದು 10 ಮಿಲಿವೋಲ್ಟ್. ಒಂದು ಕಿಲೋಗೆ ಒಂದು ಮಿಲಿವೋಲ್ಟ್, ಒಂದು ಗ್ರಾಮಿಗೆ ಒಂದು ಮೈಕ್ರೋವೋಲ್ಟ್. ಇಷ್ಟು ಸಣ್ಣದನ್ನು ನಂಬಿಕೆಯಿಂದ ಓದುವುದಕ್ಕೆ ಮೂರು ಆಪ್-ಆಂಪ್‌ಗಳನ್ನು ಜೋಡಿಸಿ ಮಾಡುವ ಒಂದು ಸರ್ಕ್ಯೂಟ್ ಇದೆ. ಅದಕ್ಕೆ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಎಂದು ಹೆಸರು. ಅದು ಯಾವ ತೊಂದರೆಯನ್ನು ಕಳೆಯಲು ಹುಟ್ಟಿತು ಎನ್ನುವುದೇ ಈ ಹೊತ್ತಿನ ಮಾತು.

ಕಥೆ ಶುರುವಾಗುವುದು ಬ್ರಿಡ್ಜ್‌ನಿಂದ. 1833ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ನಾಲ್ಕು ರೆಸಿಸ್ಟರ್‌ಗಳನ್ನು ಚೌಕಾಕಾರದಲ್ಲಿ ಕಟ್ಟುವ ಬಗೆಯನ್ನು ವಿವರಿಸಿದರು. ಹತ್ತು ವರ್ಷದ ನಂತರ ಚಾರ್ಲ್ಸ್ ವೀಟ್‌ಸ್ಟನ್ ಅದನ್ನು ಎಲ್ಲರಿಗೂ ತಿಳಿಸಿಕೊಟ್ಟರು. ಹೆಸರು ಅವರದೇ ಉಳಿಯಿತು. ಚೌಕದ ಎರಡು ಎದುರು ಮೂಲೆಗಳಿಗೆ ಬ್ಯಾಟರಿ, ಉಳಿದ ಎರಡು ಮೂಲೆಗಳ ನಡುವೆ ಗ್ಯಾಲ್ವನೋಮೀಟರ್. ನಾಲ್ಕೂ ರೆಸಿಸ್ಟರ್ ಸಮನಾಗಿದ್ದರೆ ಮುಳ್ಳು ಅಲ್ಲಾಡುವುದಿಲ್ಲ. ಒಂದರಲ್ಲಿ ಕೂದಲೆಳೆಯಷ್ಟು ಬದಲಾವಣೆಯಾದರೂ ಮುಳ್ಳು ಸರಿಯುತ್ತದೆ. ಎಳೆದ ಲೋಹದ ತಂತಿಯ ರೋಧ ಬದಲಾಗುತ್ತದೆ ಎಂದು 1856ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ತೋರಿಸಿದರು. ಆ ತಿಳಿವು ಉಪಕರಣವಾಗಲು ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1938ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಸಿಮನ್ಸ್, ಮ್ಯಾಸಚೂಸೆಟ್ಸ್‌ನಲ್ಲಿ ಆರ್ಥರ್ ರೂಜ್ ಪರಸ್ಪರ ಸಂಬಂಧವಿಲ್ಲದೆ ಸಣ್ಣ ತಂತಿಯನ್ನು ಲೋಹಕ್ಕೆ ಅಂಟಿಸಿ ಅದರ ಎಳೆತ ಅಳೆದರು. ರೂಜ್ ಅವರ ಕೆಲಸ ಭೂಕಂಪದಲ್ಲಿ ನೀರಿನ ಟ್ಯಾಂಕು ಹೇಗೆ ತಡೆದುಕೊಳ್ಳುತ್ತದೆ ಎನ್ನುವುದರ ಮೇಲಿತ್ತು. ಇಂದು ತಕ್ಕಡಿಯೊಳಗಿನ ಅಲ್ಯೂಮಿನಿಯಂ ತುಂಡಿಗೆ ಅಂಟಿರುವ ಸ್ಟ್ರೇನ್ ಗೇಜ್‌ಗಳು ಅದೇ ವಂಶದವು. ಅವು ನಾಲ್ಕೂ ಸೇರಿ ಒಂದು ವೀಟ್‌ಸ್ಟನ್ ಬ್ರಿಡ್ಜ್.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಗ್ಯಾಲ್ವನೋಮೀಟರ್‌ನ ಎರಡು ತುದಿಗಳೂ ಬ್ರಿಡ್ಜ್‌ನ ಎರಡು ಮೂಲೆಗಳಿಗೆ ಮಾತ್ರ ತಾಗಿರುತ್ತವೆ. ಗ್ರೌಂಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡು ಮೂಲೆಗಳ ನಡುವಿನ ವ್ಯತ್ಯಾಸವೊಂದೇ ಅದಕ್ಕೆ ಕಾಣುವುದು. ತೊಂದರೆ ಬಂದದ್ದು ಗ್ಯಾಲ್ವನೋಮೀಟರ್‌ನ ಜಾಗಕ್ಕೆ ಆಂಪ್ಲಿಫೈಯರ್ ಬಂದಾಗ. ಸಾಮಾನ್ಯ ಆಂಪ್ಲಿಫೈಯರ್ ತನ್ನ ಇನ್‌ಪುಟ್ಟನ್ನು ಗ್ರೌಂಡ್‌ನಿಂದ ಅಳೆಯುತ್ತದೆ. ನಮ್ಮ 5 ವೋಲ್ಟ್ ಬ್ರಿಡ್ಜ್‌ನಲ್ಲಿ ಎರಡು ಮೂಲೆಗಳೂ ಗ್ರೌಂಡ್‌ನಿಂದ 2.5 ವೋಲ್ಟ್ ಮೇಲಿರುತ್ತವೆ. ಒಂದು ಕಿಲೋ ಇಟ್ಟಾಗ ಅವುಗಳ ನಡುವಿನ ವ್ಯತ್ಯಾಸ ಒಂದು ಮಿಲಿವೋಲ್ಟ್, ಅಂದರೆ ಆ ಎತ್ತರದ ಎರಡೂವರೆ ಸಾವಿರದಲ್ಲಿ ಒಂದು ಪಾಲು. ಎಂಟನೇ ಮಹಡಿಯಲ್ಲಿ ನಿಂತ ಇಬ್ಬರಲ್ಲಿ ಯಾರು ಒಂದು ಸೆಂಟಿಮೀಟರ್ ಎತ್ತರ ಎಂದು ರಸ್ತೆಯಿಂದ ಟೇಪು ಹಿಡಿದು ಅಳೆದಂತೆ. ಎರಡೂ ತಂತಿಗಳಿಗೆ ಸಮಾನವಾದ ಈ 2.5 ವೋಲ್ಟನ್ನು ಕಾಮನ್ ಮೋಡ್ ವೋಲ್ಟೇಜ್ ಎನ್ನುತ್ತಾರೆ. ಉದ್ದದ ಕೇಬಲ್ ಹಿಡಿದುಕೊಳ್ಳುವ 50 ಹರ್ಟ್ಸ್ ಗುಂಯ್‌ಗಾಟವೂ ಎರಡೂ ತಂತಿಗಳಿಗೆ ಒಟ್ಟಿಗೆ ಬರುವುದರಿಂದ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಈ ಕಷ್ಟವನ್ನು ಮೊದಲು ಎದುರಿಸಿದವರಲ್ಲಿ ನರಗಳ ಮತ್ತು ಮಿದುಳಿನ ಸಂಕೇತ ಅಳೆಯುತ್ತಿದ್ದ ಶರೀರಶಾಸ್ತ್ರಜ್ಞರೂ ಇದ್ದರು. ಕೇಂಬ್ರಿಡ್ಜ್‌ನ ಬ್ರಯನ್ ಮ್ಯಾಥ್ಯೂಸ್ 1934ರಲ್ಲಿ ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರ್ ಪ್ರಕಟಿಸಿದರು. ಇಎಂಐ ಕಂಪನಿಯ ಅಲನ್ ಬ್ಲಮ್ಲೈನ್ 1936ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಜೋಡಣೆಯಲ್ಲಿ ಎರಡು ವಾಲ್ವ್‌ಗಳ ಕ್ಯಾಥೋಡ್‌ಗಳು ಒಟ್ಟಾಗಿ ಒಂದೇ ದೊಡ್ಡ ರೆಸಿಸ್ಟರ್ ಮೂಲಕ ಕೆಳಗಿಳಿಯುತ್ತವೆ. ಎರಡಕ್ಕೂ ಸಮನಾಗಿ ಬಂದದ್ದನ್ನು ಆ ರೆಸಿಸ್ಟರ್ ಅದುಮುತ್ತದೆ. ವ್ಯತ್ಯಾಸ ಮಾತ್ರ ಮುಂದಕ್ಕೆ ಹೋಗುತ್ತದೆ. ಇಂದಿನ ಬಹುಪಾಲು ಆಪ್-ಆಂಪ್‌ಗಳ ಬಾಗಿಲಲ್ಲಿ ಇದೇ ಜೋಡಿ ಕುಳಿತಿದೆ, ವಾಲ್ವ್ ಬದಲು ಟ್ರಾನ್ಸಿಸ್ಟರ್ ರೂಪದಲ್ಲಿ. 1952ರಲ್ಲಿ ಜಾರ್ಜ್ ಫಿಲ್‌ಬ್ರಿಕ್ ಅವರ ಕಂಪನಿ ಎರಡು ವಾಲ್ವ್‌ಗಳ ಕೆ2-ಡಬ್ಲ್ಯು ಎಂಬ ಆಪ್-ಆಂಪನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಪ್ಲಸ್ 300, ಮೈನಸ್ 300 ವೋಲ್ಟ್ ಬೇಕಿತ್ತು. 1965ರಲ್ಲಿ ಬಾಬ್ ವಿಡ್ಲರ್ ಅವರ 709 ಮತ್ತು 1968ರಲ್ಲಿ ಡೇವ್ ಫುಲ್ಲಗರ್ ಅವರ 741 ಎಂಬ ಚಿಪ್‌ಗಳು ಬಂದ ಮೇಲೆ ಆಪ್-ಆಂಪ್ ಎನ್ನುವುದು ಬೆರಳ ತುದಿಯ ಮೇಲೆ ನಿಲ್ಲುವ ಸಾಮಾನಾಯಿತು. ಒಂದರ ಕೆಲಸಕ್ಕೆ ಮೂರು ಬಳಸುವುದು ಆಗ ದುಬಾರಿಯಾಗಿ ಉಳಿಯಲಿಲ್ಲ.

ಒಂದೇ ಆಪ್-ಆಂಪ್ ಮತ್ತು ನಾಲ್ಕು ರೆಸಿಸ್ಟರ್‌ಗಳಲ್ಲೂ ಕಳೆಯುವ ಲೆಕ್ಕ ಮಾಡಬಹುದು. ಆದರೆ ಅದರ ರೆಸಿಸ್ಟರ್‌ಗಳು ಬ್ರಿಡ್ಜ್‌ನಿಂದ ವಿದ್ಯುತ್ ಎಳೆಯುತ್ತವೆ, ಗೇನ್ ಬದಲಿಸಬೇಕಾದರೆ ಎರಡನ್ನು ಒಟ್ಟಿಗೆ ಅಳೆದು ಬದಲಿಸಬೇಕು. ಹಾಗಾದರೆ ಮುಂದೆ ಎರಡು ಆಪ್-ಆಂಪ್ ಇಟ್ಟು, ಪ್ರತಿಯೊಂದರಲ್ಲೂ ಸಂಕೇತವನ್ನು 201 ಪಟ್ಟು ಹಿಗ್ಗಿಸಿ, ಆಮೇಲೆ ಕಳೆದರೆ? ಪ್ರತಿಯೊಂದರ ರೆಸಿಸ್ಟರನ್ನೂ ಪಠ್ಯಪುಸ್ತಕದಲ್ಲಿ ಇರುವಂತೆ ಗ್ರೌಂಡ್‌ಗೆ ಕಟ್ಟಿದರೆ 2.5 ವೋಲ್ಟ್ ಕೂಡ 201 ಪಟ್ಟಾಗಲು ಹೊರಡುತ್ತದೆ. ಅದು 500 ವೋಲ್ಟ್ ದಾಟುವ ಲೆಕ್ಕ. 12 ವೋಲ್ಟ್ ಸಪ್ಲೈ ಇರುವ ಆಪ್-ಆಂಪ್ ಎರಡೂ ಮೇಲಕ್ಕೆ ಹೋಗಿ ಅಂಟಿಕೊಳ್ಳುತ್ತವೆ, ತೂಕ ಸಿಗುವುದಿಲ್ಲ.

ಮೂರು ಆಪ್-ಆಂಪ್ ಸರ್ಕ್ಯೂಟ್‌ನ ಜೀವ ಇಲ್ಲಿದೆ. ಮುಂದಿನ ಎರಡು ಆಪ್-ಆಂಪ್‌ಗಳ ರೆಸಿಸ್ಟರ್‌ಗಳನ್ನು ಗ್ರೌಂಡ್‌ನಿಂದ ಬಿಡಿಸಿ, ಎರಡರ ನಡುವೆ ಒಂದೇ ರೆಸಿಸ್ಟರ್ ಹಾಕುತ್ತಾರೆ. ಕಾಗದ ಇದ್ದರೆ ಬರೆದುಕೊಳ್ಳಿ: ಮೇಲಿನ ಆಪ್-ಆಂಪ್‌ನ ಔಟ್‌ಪುಟ್‌ನಿಂದ ಅದರ ಮೈನಸ್ ಕಾಲಿಗೆ 10 ಕಿಲೋ ಓಮ್, ಆ ಕಾಲಿನಿಂದ ಕೆಳಗಿನ ಆಪ್-ಆಂಪ್‌ನ ಮೈನಸ್ ಕಾಲಿಗೆ 100 ಓಮ್, ಅಲ್ಲಿಂದ ಅದರ ಔಟ್‌ಪುಟ್‌ಗೆ ಮತ್ತೆ 10 ಕಿಲೋ ಓಮ್. ಮೂರೂ ಒಂದೇ ಸಾಲಿನಲ್ಲಿ. ಬ್ರಿಡ್ಜ್‌ನ ಎರಡು ತಂತಿಗಳು ಎರಡು ಪ್ಲಸ್ ಕಾಲುಗಳಿಗೆ ಬರುತ್ತವೆ.

ಆಪ್-ಆಂಪ್ ತನ್ನ ಎರಡು ಇನ್‌ಪುಟ್ ಕಾಲುಗಳನ್ನು ಸಮ ವೋಲ್ಟೇಜಿನಲ್ಲಿ ಇಟ್ಟುಕೊಳ್ಳುವಂತೆ ಔಟ್‌ಪುಟ್ಟನ್ನು ಸರಿಸುತ್ತದೆ. ಆದ್ದರಿಂದ 100 ಓಮ್‌ನ ಎರಡು ತುದಿಗಳಲ್ಲಿ ಬ್ರಿಡ್ಜ್‌ನ ಎರಡು ಮೂಲೆಗಳ ವೋಲ್ಟೇಜೇ ಕಾಣುತ್ತದೆ. ಹತ್ತು ಕಿಲೋ ಇಟ್ಟಾಗ ಅದರ ಮೇಲೆ 10 ಮಿಲಿವೋಲ್ಟ್, ಅಂದರೆ ಅದರೊಳಗೆ 0.1 ಮಿಲಿಆಂಪಿಯರ್ ಹರಿಯುತ್ತದೆ. ಆ ವಿದ್ಯುತ್ತಿಗೆ ಬೇರೆ ದಾರಿಯಿಲ್ಲ. ಅಷ್ಟೇ ವಿದ್ಯುತ್ ಎರಡು 10 ಕಿಲೋ ಓಮ್‌ಗಳಲ್ಲೂ ಹರಿದು ತಲಾ ಒಂದು ವೋಲ್ಟ್ ಬೀಳುತ್ತದೆ. ಎರಡು ಔಟ್‌ಪುಟ್‌ಗಳ ನಡುವೆ ಒಟ್ಟು 2.01 ವೋಲ್ಟ್, ಗೇನ್ 201. ಈಗ ಕಾಮನ್ ಮೋಡ್ ನೋಡಿ. ಎರಡು ಮೂಲೆಗಳೂ ಸಮನಾಗಿ 2.5 ವೋಲ್ಟ್‌ಗೆ ಏರಿದರೆ 100 ಓಮ್‌ನ ಎರಡು ತುದಿಗಳೂ ಸಮನಾಗಿ ಏರುತ್ತವೆ. ವ್ಯತ್ಯಾಸವಿಲ್ಲದಿದ್ದರೆ ವಿದ್ಯುತ್ ಹರಿಯುವುದಿಲ್ಲ. 2.5 ವೋಲ್ಟ್ ಹಿಗ್ಗದೆ, 2.5 ಆಗಿಯೇ ದಾಟಿಹೋಗುತ್ತದೆ. ಎರಡು 10 ಕಿಲೋ ಓಮ್‌ಗಳು ಒಂದಕ್ಕೊಂದು ಸಮನಾಗಿಲ್ಲದಿದ್ದರೂ ಈ ಮಾತು ಕೆಡುವುದಿಲ್ಲ. ಗೇನ್ ಮಾತ್ರ ಒಂದಿಷ್ಟು ಬದಲಾಗುತ್ತದೆ, ಅದನ್ನು ಗೊತ್ತಿರುವ ತೂಕ ಇಟ್ಟು ಸರಿಮಾಡಿಕೊಳ್ಳಬಹುದು. ನೂರು ವರ್ಷ ಹಿಂದೆ ಗ್ಯಾಲ್ವನೋಮೀಟರ್ ನಿಂತಿದ್ದ ಜಾಗದಲ್ಲಿ, ಗ್ರೌಂಡ್ ಮುಟ್ಟದೆ, ಈಗ 100 ಓಮ್‌ನ ಒಂದು ರೆಸಿಸ್ಟರ್ ನಿಂತಿದೆ. ಅದೂ ಬ್ರಿಡ್ಜ್‌ಗೆ ಭಾರವಾಗದಂತೆ. ಎಲೆಕ್ಟ್ರಾನಿಕ್ಸ್‌ನಲ್ಲಿ ನಾನು ಕಂಡ ಅತ್ಯಂತ ಸೊಗಸಾದ ಯೋಚನೆಗಳಲ್ಲಿ ಇದೂ ಒಂದು.

ಮೂರನೆಯ ಆಪ್-ಆಂಪ್‌ನದು ಕಳೆಯುವ ಕೆಲಸ. ಅದರ ಸುತ್ತ ನಾಲ್ಕು ಸಮನಾದ ರೆಸಿಸ್ಟರ್. ಸರ್ಕ್ಯೂಟ್ ಸೋಲುವುದಿದ್ದರೆ ಹೆಚ್ಚಾಗಿ ಇಲ್ಲೇ ಸೋಲುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಪರ್ಸೆಂಟ್ ರೆಸಿಸ್ಟರ್‌ಗಳು ನಾಲ್ಕೂ ಕೆಟ್ಟ ದಿಕ್ಕಿನಲ್ಲಿ ತಪ್ಪಿದರೆ ಕಾಮನ್ ಮೋಡ್‌ನ ಐವತ್ತರಲ್ಲಿ ಒಂದು ಪಾಲು ಔಟ್‌ಪುಟ್‌ಗೆ ನುಸುಳುತ್ತದೆ. 2.5 ವೋಲ್ಟ್‌ನಲ್ಲಿ ಅದು 50 ಮಿಲಿವೋಲ್ಟ್, ತಕ್ಕಡಿಯ ಮೇಲೆ 250 ಗ್ರಾಂ. 0.1 ಪರ್ಸೆಂಟ್ ರೆಸಿಸ್ಟರ್ ಹಾಕಿದರೆ ಅದೇ ತಪ್ಪು 25 ಗ್ರಾಮಿಗೆ ಇಳಿಯುತ್ತದೆ. ತಕ್ಕಡಿಯ ಸೊನ್ನೆ ಗುಂಡಿ ಒತ್ತಿದರೆ ಸ್ಥಿರವಾದ ತಪ್ಪು ಮಾಯವಾಗುತ್ತದೆ, ನಿಜ. ಆದರೆ 50 ಹರ್ಟ್ಸ್ ಗುಂಯ್‌ಗಾಟಕ್ಕೆ ಸೊನ್ನೆ ಗುಂಡಿ ಇಲ್ಲ, ಬಿಸಿಯೇರಿ ರೆಸಿಸ್ಟರ್‌ಗಳು ಬೇರೆಬೇರೆಯಾಗಿ ಸರಿದರೆ ಅದಕ್ಕೂ ಇಲ್ಲ.

ಇನ್ನೊಂದು ಶತ್ರು ಆಪ್-ಆಂಪ್‌ನೊಳಗಿನ ಆಫ್‌ಸೆಟ್. ಸಾಧಾರಣ 741ರಲ್ಲಿ ಅದು 6 ಮಿಲಿವೋಲ್ಟ್‌ವರೆಗೂ ಇರಬಹುದು. ನಮ್ಮ ತಕ್ಕಡಿಯಲ್ಲಿ ಅದು ಆರು ಕಿಲೋ! 1970ರ ದಶಕದಲ್ಲಿ ಬಂದ ಒಪಿ-07ರ ಉತ್ತಮ ದರ್ಜೆಯಲ್ಲಿ ಅದನ್ನು 75 ಮೈಕ್ರೋವೋಲ್ಟ್‌ಗೆ ಇಳಿಸಿದರು. ಮುಂದಿನ ಎರಡು ಆಪ್-ಆಂಪ್‌ಗಳ ಆಫ್‌ಸೆಟ್ ಮಾತ್ರ 201 ಪಟ್ಟಾಗುವುದರಿಂದ ದುಡ್ಡು ಖರ್ಚುಮಾಡುವುದಿದ್ದರೆ ಅವೆರಡರ ಮೇಲೆ ಮಾಡಬೇಕು. ಮೂರನೆಯದಕ್ಕೆ ಅಷ್ಟು ಚಿಂತೆ ಬೇಡ.

ಕೈಯಲ್ಲಿ ಆರಿಸಿ ಹೊಂದಿಸುತ್ತಿದ್ದ ರೆಸಿಸ್ಟರ್‌ಗಳನ್ನು ಚಿಪ್‌ನೊಳಗೇ ತೆಳು ಪದರವಾಗಿ ಹಾಕಿ, ಲೇಸರ್ ಕಿರಣದಿಂದ ಕೊರೆದು ಸರಿಹೊಂದಿಸುವ ವಿಧಾನ ಬಂದ ಮೇಲೆ ಮೂರು ಆಪ್-ಆಂಪ್‌ಗಳೂ ಒಂದೇ ಚಿಪ್‌ಗೆ ಸೇರಿದವು. ಬರ್-ಬ್ರೌನ್ ಕಂಪನಿಯ ಐಎನ್‌ಎ-101 ಅಂಥದ್ದು. ಒಳಗೆ ಎರಡು 20 ಕಿಲೋ ಓಮ್ ಸಿದ್ಧವಾಗಿರುತ್ತವೆ, ನಡುವಿನ ರೆಸಿಸ್ಟರ್ ಒಂದನ್ನು ಮಾತ್ರ ನಾವು ಹೊರಗಿನಿಂದ ಹಾಕಬೇಕು. ಇವತ್ತು ಅಗ್ಗದ ತಕ್ಕಡಿಗಳಲ್ಲಿ ಕಾಣುವ ಎಚ್‌ಎಕ್ಸ್-711 ಎಂಬ ಚಿಪ್ 128 ಪಟ್ಟು ಹಿಗ್ಗಿಸುವುದನ್ನೂ ಅಂಕಿಗೆ ತಿರುಗಿಸುವುದನ್ನೂ ಒಳಗೇ ಮಾಡಿಬಿಡುತ್ತದೆ.

ಆದರೂ ಬಿಡಿ ಆಪ್-ಆಂಪ್‌ಗಳಿಂದ ಒಮ್ಮೆ ಕಟ್ಟಿನೋಡುವ ವಿದ್ಯಾರ್ಥಿಗಳಿಗೆ ಎರಡು ಮಾತು. ಔಟ್‌ಪುಟ್ ಒಂದನ್ನೇ ನೋಡಿ ನಂಬಬೇಡಿ. ಗೇನ್ ಅತಿಯಾದರೆ ಮುಂದಿನ ಆಪ್-ಆಂಪ್‌ಗಳಲ್ಲಿ ಒಂದು ಸಪ್ಲೈಗೆ ಅಂಟಿಕೊಂಡಿದ್ದರೂ ಕೊನೆಯ ಔಟ್‌ಪುಟ್ ಸರಿಯಿರುವಂತೆಯೇ ಕಾಣಬಹುದು. ಪೂರ್ತಿ ತೂಕ ಇಟ್ಟು ಮಲ್ಟಿಮೀಟರ್‌ನಿಂದ ಆ ಎರಡು ಔಟ್‌ಪುಟ್‌ಗಳನ್ನು ಗ್ರೌಂಡ್‌ಗೆ ಹೋಲಿಸಿ ಅಳೆಯಿರಿ. ನಮ್ಮ ಲೆಕ್ಕದಲ್ಲಿ ಒಂದು ಸುಮಾರು 3.5, ಇನ್ನೊಂದು ಸುಮಾರು 1.5 ವೋಲ್ಟ್ ಇರಬೇಕು. ಎರಡನೆಯದಾಗಿ, ಲೋಡ್ ಸೆಲ್ ಜೋಡಿಸುವ ಮೊದಲೇ ಎರಡು ಇನ್‌ಪುಟ್‌ಗಳನ್ನು ಒಂದಕ್ಕೊಂದು ಕಟ್ಟಿ, ಅವಕ್ಕೆ ಒಮ್ಮೆ 1 ವೋಲ್ಟ್, ಒಮ್ಮೆ 4 ವೋಲ್ಟ್ ಕೊಟ್ಟು ನೋಡಿ. ಔಟ್‌ಪುಟ್ ಕದಲದಿದ್ದರೆ ನಿಮ್ಮ ನಾಲ್ಕು ರೆಸಿಸ್ಟರ್‌ಗಳು ಸರಿ ಹೊಂದಿವೆ. 60 ಮಿಲಿವೋಲ್ಟ್‌ನಷ್ಟು ಕದಲಿದರೆ ಆ ನಾಲ್ಕನ್ನು ಬಿಚ್ಚಿ, ಅಳೆದು, ಹೊಂದುವಂಥವನ್ನು ಆರಿಸಿ ಮತ್ತೆ ಬೆಸುಗೆ ಹಾಕಿ.