ಜಾಮೀನು ನಿಂತವರ ಲೆಕ್ಕ

ಮನೆಯನ್ನು ಬಾಡಿಗೆಗೆ ಹಿಡಿಯುವಾಗ ಮಾಲೀಕರು ಒಮ್ಮೊಮ್ಮೆ, "ನಿಮಗೆ ಜಾಮೀನು ಯಾರು ನಿಲ್ಲುತ್ತಾರೆ?" ಎಂದು ಕೇಳುವುದುಂಟು. ಬಾಡಿಗೆಗೆ ಬರುವವನು ಊರಿಗೆ ಹೊಸಬನಾದರೆ ಪರಿಚಯದ ಹಿರಿಯರೊಬ್ಬರ ಬಳಿಗೆ ಹೋಗುತ್ತಾನೆ. ಹಿರಿಯರು, "ಹುಡುಗ ಒಳ್ಳೆಯವನು, ಅದಕ್ಕೇನಂತೆ" ಎಂದು ಛಾಪಾಕಾಗದದ ಕೆಳಗೆ ರುಜು ಹಾಕುತ್ತಾರೆ. ಆ ರುಜುವಿನಿಂದ ಅವರ ಮೇಲೆ ಬಿದ್ದ ಹೊಣೆ ಯಾವುದು, ಅದು ಎಲ್ಲಿ ಮುಗಿಯುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಾನು ಕಾನೂನು ಓದಿದವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಮಾತಿನಿಂದಲೇ ಆರಂಭಿಸುತ್ತೇನೆ. 'ಜಾಮೀನು' ನಮಗೆ ಪಾರಸಿಯ ಮೂಲಕ ಬಂದ ಅರಬ್ಬಿ ಪದ. ಅದಕ್ಕೆ ಮುಂಚೆ ನಮ್ಮಲ್ಲಿದ್ದದ್ದು 'ಪೊಣೆ'. ಅದೇ ಇಂದಿನ 'ಹೊಣೆ'. ಈ ಹೊಣೆಯಲ್ಲಿ ಮೂರು ಬಗೆಯುಂಟೆಂದು ಯಾಜ್ಞವಲ್ಕ್ಯ ಸ್ಮೃತಿ ವಿಂಗಡಿಸುತ್ತದೆ. ಕರೆದಾಗ ಆಳನ್ನು ತಂದು ನಿಲ್ಲಿಸುತ್ತೇನೆ ಎಂಬುದು ಮೊದಲನೆಯದು. ಇವನು ನಂಬಿಕಸ್ತ ಎಂಬುದು ಎರಡನೆಯದು. ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬುದು ಮೂರನೆಯದು. ಮೊದಲೆರಡರಲ್ಲಿ ಮಾತು ತಪ್ಪಿದರೆ ಹೊಣೆ ನಿಂತವನು ತಾನು ತೆರಬೇಕು. ಮೂರನೆಯದರಲ್ಲಿ ಅವನ ಮಕ್ಕಳೂ ತೆರಬೇಕು ಎಂಬುದು ಆ ಸ್ಮೃತಿಯ ವಿಧಿ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ನಮ್ಮ ಇಂದಿನ ಬಸವಕಲ್ಯಾಣದಲ್ಲಿ.

ಈ ಹಳೆಯ ವಿಂಗಡಣೆಯನ್ನು ನೆನೆದದ್ದಕ್ಕೆ ಕಾರಣವಿದೆ. ಬಾಡಿಗೆಗೆ ಜಾಮೀನು ನಿಲ್ಲುವ ಸಜ್ಜನರು ಮನಸ್ಸಿನಲ್ಲಿ ಎರಡನೆಯ ಬಗೆಯ ಹೊಣೆಯನ್ನು ಹೊರುತ್ತಾರೆ, ಕಾಗದದಲ್ಲಿ ಮೂರನೆಯದನ್ನು. ಇಂದು ನಮ್ಮನ್ನು ಆಳುವ 1872ರ ಭಾರತೀಯ ಕರಾರು ಕಾಯಿದೆ ತನ್ನ 126ನೆಯ ಕಲಮಿನಲ್ಲಿ ಜಾಮೀನೆಂದು ಕರೆಯುವುದು ಈ ಮೂರನೆಯದನ್ನೇ. ಒಬ್ಬನು ತನ್ನ ಮಾತಿಗೆ ತಪ್ಪಿದರೆ ಅವನ ಪರವಾಗಿ ನಾನು ಸಲ್ಲಿಸುತ್ತೇನೆ ಎಂಬ ಕರಾರು ಅದು. ಅದು ಬರವಣಿಗೆಯಲ್ಲೇ ಇರಬೇಕೆಂದೇನೂ ಇಲ್ಲ, ಬಾಯಿಮಾತಿನದೂ ಆಗಬಹುದು. ಆದರೆ ಬರಿದೆ "ಹುಡುಗ ಒಳ್ಳೆಯವನು" ಎಂದಷ್ಟೇ ಪ್ರಾಮಾಣಿಕವಾಗಿ ಹೇಳಿದವನು ಈ ಕಲಮಿನ ಜಾಮೀನುದಾರನಲ್ಲ.

ಜಾಮೀನುದಾರನಾದ ಮೇಲೆ ಅವನ ಹೊಣೆ ಎಷ್ಟು? 128ನೆಯ ಕಲಮಿನ ಉತ್ತರ ಚಿಕ್ಕದು: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮೂಲ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಇಲ್ಲಿ ಬಹಳ ಜನ ಒಂದು ಮಾತನ್ನು ತಪ್ಪಾಗಿ ತಿಳಿಯುತ್ತಾರೆ. ಮಾಲೀಕನು ಮೊದಲು ಬಾಡಿಗೆದಾರನ ಮೇಲೆ ದಾವೆ ಹೂಡಿ, ಅವನಿಂದ ಏನೂ ಹುಟ್ಟದೆಹೋದರೆ ಮಾತ್ರ ನಮ್ಮ ಕಡೆ ತಿರುಗಬೇಕು ಎಂದು ಅವರ ಭಾವನೆ. ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯ ಇಂಥದೇ ಕ್ರಮವನ್ನು ವಿಧಿಸಿತ್ತು. 1968ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಸಾಲಗಾರನನ್ನು ಬೆನ್ನಟ್ಟಿ ಸೋತ ಮೇಲೆಯೇ ಬರಬೇಕೆಂದರೆ ಜಾಮೀನಿನ ಉದ್ದೇಶವೇ ಕೆಡುತ್ತದೆ ಎಂಬುದು ಅದರ ತಾತ್ಪರ್ಯ. ಬಾಡಿಗೆ ಬಾಕಿಯಾದ ದಿನವೇ ಮಾಲೀಕನು ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು.

ಇಷ್ಟನ್ನು ಕೇಳಿ ಎದೆಗುಂದಬೇಕಾಗಿಲ್ಲ. ಇದೇ ಕಾಯಿದೆ ಜಾಮೀನುದಾರನ ಹೊಣೆಗೆ ಕಟ್ಟೆಯನ್ನೂ ಕಟ್ಟಿದೆ. ಅದು ಹೇಗೆಂಬುದನ್ನು ನಾನು ಕಂಡ ಒಂದು ಪ್ರಸಂಗದಿಂದಲೇ ತೋರಿಸುತ್ತೇನೆ.

ಮೈಸೂರಿನಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ಅವರೂ ಮೇಷ್ಟರೇ. ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅವರು ಜಾಮೀನು ನಿಂತರು. ಕರಾರು 2022ರ ಜೂನ್‌ನಿಂದ 2023ರ ಏಪ್ರಿಲ್‌ವರೆಗೆ ಹನ್ನೊಂದು ತಿಂಗಳಿಗೆ. ಬಾಡಿಗೆ ತಿಂಗಳಿಗೆ 10,000 ರೂಪಾಯಿ, ಮುಂಗಡ 50,000. "ಈ ಕರಾರಿನ ಅವಧಿಯಲ್ಲಿ ಬಾಕಿಯಾಗುವ ಬಾಡಿಗೆಗೆ ನಾನು ಹೊಣೆ" ಎಂಬ ವಾಕ್ಯದ ಕೆಳಗೆ ಮೇಷ್ಟರ ರುಜು. ಮಾಲೀಕರು ಮರುಕವುಳ್ಳವರು. ಸೆಪ್ಟೆಂಬರಿನಲ್ಲಿ ಹುಡುಗನ ತಾಯಿ ಆಸ್ಪತ್ರೆ ಸೇರಿದಾಗ, ಅವನು ಕೇಳಿಕೊಂಡನೆಂದು ಮುಂಗಡದಲ್ಲಿ 30,000 ರೂಪಾಯಿ ಹಿಂದಕ್ಕೆ ಕೊಟ್ಟರು. ಮೇಷ್ಟರಿಗೆ ಈ ವಿಷಯ ತಿಳಿಯಲಿಲ್ಲ. ಮುಂದೆ ಹುಡುಗನ ಕೆಲಸ ಹೋಯಿತು. ನವೆಂಬರಿನಿಂದ ಏಪ್ರಿಲ್‌ವರೆಗೆ ಆರು ತಿಂಗಳ ಬಾಡಿಗೆ ನಿಂತಿತು. ಮಾಲೀಕರು ಸಂಕೋಚದಿಂದ ಸುಮ್ಮನಿದ್ದರು. ಮೇ ತಿಂಗಳಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಮಾಲೀಕರೂ ಅವನೂ ಹೊಸ ಪತ್ರ ಬರೆದುಕೊಂಡರು; ಬಾಡಿಗೆ 12,000ಕ್ಕೆ ಏರಿತು. ಹಳೆಯ ಬಾಕಿಯ ಮಾತು ಆ ಪತ್ರದಲ್ಲಿರಲಿಲ್ಲ, ಮೇಷ್ಟರ ರುಜುವೂ ಇರಲಿಲ್ಲ. ಎರಡು ತಿಂಗಳು ಬಾಡಿಗೆ ಕೊಟ್ಟು, ಜುಲೈನಿಂದ ಅಕ್ಟೋಬರ್‌ವರೆಗೆ ನಾಲ್ಕು ತಿಂಗಳು ಕೊಡದೆ, ಒಂದು ರಾತ್ರಿ ಅವನು ಮನೆ ಬಿಟ್ಟು ಹೋದ.

ಮಾಲೀಕರ ಲೆಕ್ಕ ಹೀಗಿತ್ತು: ಹಳೆಯ ಬಾಕಿ 60,000, ಹೊಸದು 48,000, ಒಟ್ಟು 1,08,000. ಕೈಯಲ್ಲಿ ಉಳಿದ ಮುಂಗಡ 20,000ವನ್ನು ಕಳೆದು 88,000 ರೂಪಾಯಿ ಕೊಡಬೇಕೆಂದು ಮೇಷ್ಟರಿಗೆ ಪತ್ರ ಬಂತು. ಪಿಂಚಣಿಯಲ್ಲಿ ಬದುಕುವ ಮನುಷ್ಯರು. ಮಗಳ ಮದುವೆಗೆ ಕೂಡಿಟ್ಟ ಹಣವನ್ನು ತೆಗೆಯಲು ಸಿದ್ಧರಾದರು. ಕಾಗದಗಳನ್ನು ವಕೀಲರೊಬ್ಬರಿಗೆ ತೋರಿಸೋಣವೆಂದು ನಾನು ಹೇಳಿದೆ. ಆ ವಕೀಲರು ಲೆಕ್ಕವನ್ನು ಬಿಡಿಸಿದ ಬಗೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು 48,000. ಮೇಷ್ಟರು ಹೊಣೆ ನಿಂತದ್ದು 'ಈ ಕರಾರಿನ ಅವಧಿ'ಗೆ. ಅದು ಏಪ್ರಿಲ್‌ಗೆ ಮುಗಿಯಿತು. ಮೇ ತಿಂಗಳದು ಬೇರೆ ಕರಾರು, ಬೇರೆ ಬಾಡಿಗೆ. ಅದು ಹಳೆಯದರ ತಿದ್ದುಪಡಿ ಎಂದು ವಾದಿಸಿದರೂ 133ನೆಯ ಕಲಮು ಅಡ್ಡ ಬರುತ್ತದೆ: ಜಾಮೀನುದಾರನ ಒಪ್ಪಿಗೆಯಿಲ್ಲದೆ ಷರತ್ತನ್ನು ಬದಲಿಸಿದರೆ, ಬದಲಾವಣೆಯ ಅನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಆದ್ದರಿಂದ ಈ ಮೊತ್ತ ಪೂರ್ತಿಯಾಗಿ ಹೋಯಿತು.

ಉಳಿದದ್ದು 60,000. "ಆರು ತಿಂಗಳು ನನಗೊಂದು ಮಾತನ್ನೂ ತಿಳಿಸದೆ ಬಾಕಿ ಬೆಳೆಯಬಿಟ್ಟರಲ್ಲ, ಅದಕ್ಕೂ ನಾನು ಹೊಣೆಯೆ?" ಎಂದು ಮೇಷ್ಟರು ಕೇಳಿದರು. ಹೌದು, ಹೊಣೆಯೇ. ಮಾಲೀಕನು ಬರಿದೆ ಸುಮ್ಮನಿದ್ದ ಮಾತ್ರಕ್ಕೆ, ದಾವೆ ಹೂಡಲು ತಡಮಾಡಿದ ಮಾತ್ರಕ್ಕೆ, ಜಾಮೀನುದಾರನು ಬಿಡುಗಡೆ ಹೊಂದುವುದಿಲ್ಲ ಎನ್ನುತ್ತದೆ 137ನೆಯ ಕಲಮು. ಮೌನ ಬೇರೆ, ಮಾತು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. "ಹಳೆಯ ಬಾಕಿಗೆ ಒಂದು ವರ್ಷ ಗಡುವು ಕೊಟ್ಟಿದ್ದೇನೆ" ಎಂದು ಮಾಲೀಕರು ಬಾಡಿಗೆದಾರನೊಡನೆ ಒಪ್ಪಂದ ಮಾಡಿಕೊಂಡಿದ್ದರೆ, 135ನೆಯ ಕಲಮಿನ ಪ್ರಕಾರ ಮೇಷ್ಟರು ಈ 60,000ದಿಂದಲೂ ಬಿಡುಗಡೆ ಹೊಂದುತ್ತಿದ್ದರು. ಆದರೆ ಅಂಥ ಒಪ್ಪಂದವೇನೂ ನಡೆದಿರಲಿಲ್ಲ.

ಈಗ ಮುಂಗಡದ ಮಾತು. ಮೇಷ್ಟರು ರುಜು ಹಾಕಿದ ದಿನ ಮಾಲೀಕರ ಕೈಯಲ್ಲಿ ಬಾಡಿಗೆಯ ಭದ್ರತೆಯಾಗಿ 50,000 ರೂಪಾಯಿ ಇತ್ತು. ಆ ಭದ್ರತೆಯ ಪ್ರಯೋಜನ ಜಾಮೀನುದಾರನಿಗೂ ಸಲ್ಲಬೇಕು, ಅವನಿಗೆ ಅದು ಇದೆಯೆಂದು ತಿಳಿದಿರಲಿ ತಿಳಿಯದಿರಲಿ, ಎನ್ನುತ್ತದೆ 141ನೆಯ ಕಲಮು. ಅವನ ಒಪ್ಪಿಗೆಯಿಲ್ಲದೆ ಮಾಲೀಕನು ಅದನ್ನು ಕೈಬಿಟ್ಟರೆ, ಕೈಬಿಟ್ಟಷ್ಟರ ಮಟ್ಟಿಗೆ ಜಾಮೀನುದಾರನ ಹೊಣೆಯೂ ಇಳಿಯುತ್ತದೆ. ಉಳಿದ 20,000 ಹೇಗೂ ಹಳೆಯ ಬಾಕಿಗೆ ಜಮೆಯಾಗಬೇಕೆಂದು ವಕೀಲರು ವಾದಿಸಿದರು. ಮರುಕದಿಂದ ಹಿಂದಿರುಗಿಸಿದ 30,000ವನ್ನೂ ಮೇಷ್ಟರ ಲೆಕ್ಕದಿಂದ ಕಳೆಯಬೇಕು. ದಯೆ ತೋರಿದ್ದು ದೊಡ್ಡ ಗುಣವೇ. ಆದರೆ ಅದರ ವೆಚ್ಚವನ್ನು ಕೇಳದೆ ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಅರವತ್ತರಲ್ಲಿ ಐವತ್ತು ಹೋದರೆ ಉಳಿದದ್ದು ಹತ್ತು. ಮಾಲೀಕರ ಕಡೆಯ ವಕೀಲರೂ ಕೊನೆಗೆ ಇದನ್ನು ಒಪ್ಪಿದರು. ಮೇಷ್ಟರು 10,000 ರೂಪಾಯಿ ತೆತ್ತು ರಸೀದಿ ಪಡೆದರು.

ಆ ರಸೀದಿ ಮುಖ್ಯ. ತೆತ್ತ ಹಣವನ್ನು ಬಾಡಿಗೆದಾರನಿಂದ ವಸೂಲು ಮಾಡುವ ಹಕ್ಕನ್ನು 145ನೆಯ ಕಲಮು ಜಾಮೀನುದಾರನಿಗೆ ಕೊಡುತ್ತದೆ. ನ್ಯಾಯವಾಗಿ ಕೊಡಬೇಕಾದದ್ದನ್ನು ಕೊಟ್ಟಿದ್ದರೆ ಮಾತ್ರ ಈ ಹಕ್ಕು. ಗಾಬರಿಯಿಂದ 88,000ವನ್ನೂ ಎಣಿಸಿಕೊಟ್ಟಿದ್ದರೆ, ಕೊಡಬೇಕಾಗಿಲ್ಲದ 78,000ವನ್ನು ಹುಡುಗನಿಂದ ಕೇಳುವುದೂ ಕಷ್ಟವಾಗುತ್ತಿತ್ತು. ಮಾಲೀಕರಿಗೂ ಕಾಲದ ಮಿತಿಯುಂಟು: ಬಾಡಿಗೆಯ ಬಾಕಿಗೆ ದಾವೆ ಹೂಡಲು, ಅದು ಬಾಕಿಯಾದಂದಿನಿಂದ ಮೂರು ವರ್ಷ.

ಕೇಳುಗರೇ, ಮೇಷ್ಟರನ್ನು ಕಾಪಾಡಿದ್ದು ಕಾಯಿದೆಯ ಜೊತೆಗೆ ಅವರ ಕರಾರಿನ ಒಂದು ವಾಕ್ಯ. 'ಈ ಕರಾರಿನ ಅವಧಿಯಲ್ಲಿ' ಎಂಬ ಮಾತಿನ ಬದಲು 'ಬಾಡಿಗೆದಾರನು ಮನೆ ಖಾಲಿ ಮಾಡುವವರೆಗೆ, ಕರಾರು ನವೀಕರಣಗೊಂಡರೂ, ಬಾಡಿಗೆ ಏರಿದರೂ' ಎಂದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಅಚ್ಚು ಹಾಕಿದ ನಮೂನೆಗಳಲ್ಲಿ, ಮುಂದೆ ಆಗುವ ಎಲ್ಲ ಬದಲಾವಣೆಗಳಿಗೂ ಈಗಲೇ ಒಪ್ಪಿದ್ದೇನೆ ಎಂಬ ಮಾತು ಸಣ್ಣ ಅಕ್ಷರದಲ್ಲಿ ಅಡಗಿರುವುದುಂಟು. ಅದಕ್ಕೆ ರುಜು ಹಾಕಿದವರಿಗೆ ನಾನು ಹೇಳಿದ ಕಟ್ಟೆಗಳಲ್ಲಿ ಕೆಲವು ಮೊದಲೇ ಒಡೆದಿರುತ್ತವೆ.

ನಡುವೆ ಜಾಮೀನಿನಿಂದ ಹೊರಬರಬಹುದೆ? ಹೊಣೆಯು ಒಂದಾದ ಮೇಲೊಂದು ವ್ಯವಹಾರಗಳಿಗೆ ಹಬ್ಬಿದ್ದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ಮಾಲೀಕನಿಗೆ ನೋಟೀಸು ಕೊಟ್ಟು ಹಿಂತೆಗೆಯಬಹುದು ಎನ್ನುತ್ತದೆ 130ನೆಯ ಕಲಮು. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ ಈ ದಾರಿ ಒಗ್ಗಬಹುದು. ಹನ್ನೊಂದು ತಿಂಗಳೆಂದು ಗೊತ್ತುಮಾಡಿ ಮನೆಯನ್ನು ಒಪ್ಪಿಸಿದ ಮೇಲೆ ಅದು ಒಂದೇ ವ್ಯವಹಾರವೆಂದು ಮಾಲೀಕನು ವಾದಿಸಬಲ್ಲ. ಆಗ ನಡುವೆ ಕೈತೊಳೆದುಕೊಳ್ಳುವುದು ಸುಲಭವಲ್ಲ. ಇನ್ನು ಸ್ಮೃತಿ ಹೇಳಿದ ಮಕ್ಕಳ ಹೊಣೆ. ಬೇರೆ ಕರಾರಿಲ್ಲದಿದ್ದರೆ, ಇಂಥ ಮುಂದುವರಿಯುವ ಜಾಮೀನು ಜಾಮೀನುದಾರನ ಮರಣದೊಡನೆ ಮುಂದಿನ ವ್ಯವಹಾರಗಳ ಮಟ್ಟಿಗೆ ಕೊನೆಗಾಣುತ್ತದೆ. ಅಲ್ಲಿಯವರೆಗೆ ಆದ ಬಾಕಿ ಅವನು ಬಿಟ್ಟುಹೋದ ಆಸ್ತಿಯಿಂದ ಸಲ್ಲಬೇಕು. ಮಕ್ಕಳ ಸ್ವಂತ ಗಳಿಕೆಗೆ ಅದು ತಾಗದು.

ಆದುದರಿಂದ ರುಜು ಹಾಕುವ ಮುನ್ನ ಕರಾರಿನಲ್ಲಿ ಮೂರು ಮಾತುಗಳನ್ನು ಬರೆಸಿಕೊಳ್ಳಿ: ಹೊಣೆ ಯಾವ ತಾರೀಖಿನವರೆಗೆ, ಹೆಚ್ಚೆಂದರೆ ಎಷ್ಟು ರೂಪಾಯಿ, ಮತ್ತು ಒಂದು ತಿಂಗಳ ಬಾಡಿಗೆ ತಪ್ಪಿದೊಡನೆ ಮಾಲೀಕರು ನಿಮಗೆ ಪತ್ರಮುಖೇನ ತಿಳಿಸತಕ್ಕದ್ದು. ಕರಾರಿನ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ. ಇಷ್ಟಕ್ಕೂ ಮಾಲೀಕರು ಒಪ್ಪದಿದ್ದರೆ, ಹುಡುಗ ಒಳ್ಳೆಯವನೆಂದು ಬಾಯಿತುಂಬ ಹೇಳಿ, ಲೇಖನಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.